ಅಪ್ಪಯ್ಯನ ಹೃದಯದ ಗುಳಿಗೆಗಳು: ದೂರದ ಮಗಳು ಬರೆಯುವ ಪತ್ರ ಹೇಗಿರಬೇಕು

ಮಣಿಪಾಲದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಶಿರಸಿ ಸೀಮೆಯ ಮನೆಗೆ ಮರಳಿದ 68ರ ತಂದೆಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಏಳು ನಮೂನೆಯ ಗುಳಿಗೆ. ಜೊತೆಗಿರುವ ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷ್ ಹೆಸರುಗಳು, ಮುಂದೆ 1-0-0, 0-0-1 ಎಂಬ ಅಂಕಿಗಳು. ಮನೆಯಲ್ಲಿ ಇರುವವರು ಇಬ್ಬರೇ, ಅವರು ಮತ್ತು ಹೆಂಡತಿ. ಮಗಳು ಜರ್ಮನಿಯಲ್ಲಿ. ಫೋನಿನಲ್ಲಿ ಹೇಳಿದ್ದು ಅರ್ಧ ಕೇಳಿಸುತ್ತದೆ, ಕೇಳಿಸಿದ್ದರಲ್ಲಿ ಅರ್ಧ ನಾಳೆಗೆ ಮರೆಯುತ್ತದೆ. ಗೋಡೆಯ ಮೊಳೆಗೆ ಸಿಕ್ಕಿಸಿಟ್ಟು ಬೇಕಾದಾಗ ಓದಬಹುದಾದ ಒಂದು ಪತ್ರ ಇಂಥಲ್ಲಿ ಹತ್ತು ಫೋನಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬರೆಯಲು ಕೂರುವ ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಹೃದಯದ ಗುಳಿಗೆಯನ್ನು ಹಿರಿಯರು ನಿಲ್ಲಿಸುವುದು ಹಟದಿಂದಲ್ಲ. ಒಂದೋ ಆರಾಮ ಅನ್ನಿಸಿದ್ದಕ್ಕೆ, ಇಲ್ಲವೇ ಏನೋ ಆಗಿ ಹೆದರಿದ್ದಕ್ಕೆ. ಹಲ್ಲುಜ್ಜುವಾಗ ರಕ್ತ ಕಂಡಿತು, ಎದ್ದು ನಿಂತಾಗ ತಲೆ ತಿರುಗಿತು, ಒಣಕೆಮ್ಮು ಹಿಡಿಯಿತು: ಇದು ಗುಳಿಗೆಯದೇ ಕಾಟ ಎಂದು ತಾವೇ ತೀರ್ಮಾನಿಸಿ ಬಿಟ್ಟುಬಿಡುತ್ತಾರೆ. ಆದ್ದರಿಂದ ‘ಹೆದರಬೇಡ, ಎಲ್ಲ ಸರಿಯಾಗುತ್ತದೆ’ ಎಂದು ನಾಲ್ಕು ಸಲ ಬರೆದು ಪ್ರಯೋಜನವಿಲ್ಲ. ಏನು ಆಗಬಹುದು, ಅದರಲ್ಲಿ ಯಾವುದು ಸಹಜ, ಯಾವುದಕ್ಕೆ ಡಾಕ್ಟರ ಹತ್ತಿರ ಓಡಬೇಕು ಎಂದು ಮೊದಲೇ ಬರೆದಿಟ್ಟರೆ, ಅದು ಆದ ದಿನ ಅವರಿಗೆ ಗಾಬರಿಯಾಗುವುದಿಲ್ಲ. ಧೈರ್ಯ ಬರುವುದು ಅಲ್ಲಿಂದ.

ಮೊದಲು ಚೀಲ ಬಿಚ್ಚಿಸಿ

ವಿಡಿಯೋ ಕಾಲಿನಲ್ಲಿ ಆಯಿಯ ಹತ್ತಿರ ಗುಳಿಗೆಗಳನ್ನೆಲ್ಲ ಒಂದು ಹರಿವಾಣದಲ್ಲಿ ಹರವಿಸಿ. ಹೊಸ ಗುಳಿಗೆ ಮಾತ್ರವಲ್ಲ, ದೇವರ ಗೂಡಿನ ಪಕ್ಕದಲ್ಲಿ, ಅಡುಗೆಮನೆ ಕಪಾಟಿನಲ್ಲಿ ಇರುವ ಹಳೆಯ ಡಬ್ಬಿಯೂ ಬರಬೇಕು. ಪ್ರತಿ ಸ್ಟ್ರಿಪ್ಪಿನ ಬೆನ್ನಿನ ಫೋಟೋ ತೆಗೆಸಿಕೊಳ್ಳಿ. ಅಲ್ಲಿ ಕಂಪನಿ ಇಟ್ಟ ಹೆಸರೊಂದು ಇರುತ್ತದೆ. ನಿಮಗೆ ಬೇಕಾದದ್ದು ಅದರ ಜೊತೆಗಿರುವ ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ.

ಇಲ್ಲಿ ಸಿಗುವ ತಪ್ಪು ಹೆಚ್ಚಾಗಿ ಎರಡೇ ಬಗೆಯವು. ನಮ್ಮ ಉದಾಹರಣೆಯ ತಂದೆ ಬಿಪಿಗೆಂದು ವರ್ಷಗಳಿಂದ ಅಟೆನೊಲಾಲ್ 50 ತೆಗೆದುಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಅದರ ಬದಲಿಗೆ ಮೆಟೊಪ್ರೊಲಾಲ್ 25 ಕೊಟ್ಟರು. ಬದಲಿಗೆ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಹೆಸರು ಬೇರೆ, ಬಣ್ಣ ಬೇರೆ; ಹಾಗಾಗಿ ಅವರು ಎರಡನ್ನೂ ನುಂಗುತ್ತಿದ್ದಾರೆ. ಎರಡೂ ಹೃದಯದ ಬಡಿತ ತಗ್ಗಿಸುವ ಒಂದೇ ಜಾತಿಯ ಔಷಧ. ಒಟ್ಟಿಗೆ ಸೇರಿದರೆ ನಾಡಿ ನಿಧಾನವಾಗಿ, ಸುಸ್ತು ಬಂದು, ತೋಟದ ದಾರಿಯಲ್ಲಿ ಕಣ್ಣು ಕತ್ತಲೆ ಬರಬಹುದು.

ಇನ್ನೊಂದು ಜೋಡಿ ಗುಳಿಗೆಯ ತಪ್ಪು. ಅಂಗಡಿಯಲ್ಲಿ ಸಿಗುವ ಎಷ್ಟೋ ಹೃದಯದ ಗುಳಿಗೆಗಳಲ್ಲಿ ಎರಡು ಔಷಧ ಒಟ್ಟಿಗಿರುತ್ತವೆ. ಹೆಸರಿನ ಕೊನೆಗೆ ‘ಎ’, ‘ಎವಿ’ ಎಂದು ಬಾಲ ಇದ್ದರೆ ಒಳಗೆ ಆಸ್ಪಿರಿನ್ ಸೇರಿರಬಹುದು ಎಂದು ಅನುಮಾನಿಸಿ, ಮೂಲ ಔಷಧದ ಹೆಸರು ಓದಿ. ಇರುವ ಸ್ಟ್ರಿಪ್ ಮುಗಿದಾಗ ಅಂಗಡಿಯಲ್ಲಿ ಜೋಡಿ ಗುಳಿಗೆ ಕೊಟ್ಟರೆ, ಮನೆಯಲ್ಲಿ ಒಂಟಿ ಆಸ್ಪಿರಿನ್ ಉಳಿದಿದ್ದರೆ, ದಿನಕ್ಕೆ ಎರಡು ಆಸ್ಪಿರಿನ್ ಆಗುತ್ತದೆ. ಇದೇ ತಪ್ಪನ್ನು ಮಕ್ಕಳೂ ಮಾಡುತ್ತಾರೆ. ಅಮೆರಿಕದಿಂದ 81 ಮಿಲಿಗ್ರಾಂ ಆಸ್ಪಿರಿನ್ ಡಬ್ಬಿ ಪ್ರೀತಿಯಿಂದ ಕಳಿಸುವವರಿದ್ದಾರೆ. ನಮ್ಮಲ್ಲಿ ಅದೇ ಔಷಧ 75 ಮಿಲಿಗ್ರಾಂನಲ್ಲಿ ಬರುತ್ತದೆ. ಅಪ್ಪಯ್ಯ ‘ಮಗಳು ಕಳಿಸಿದ್ದು’ ಎಂದು ಅದನ್ನೂ, ‘ಡಾಕ್ಟರು ಕೊಟ್ಟಿದ್ದು’ ಎಂದು ಇದನ್ನೂ ತೆಗೆದುಕೊಳ್ಳುತ್ತಾರೆ. ಹೊರಗಿನಿಂದ ಔಷಧ ಕಳಿಸಲೇಬೇಡಿ.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಡಿಸ್ಚಾರ್ಜ್ ಕಾಗದದ ಜೊತೆ ಹೋಲಿಸಿ. ಹೊಂದದೇ ಇರುವುದನ್ನು ನೀವೇ ತೀರ್ಮಾನಿಸಬೇಡಿ, ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಕೇಳಿಸಿ. ಅವರ ಉತ್ತರ ಬರುವವರೆಗೆ ಪತ್ರವನ್ನು ಕಳಿಸಬೇಡಿ. ಮನೆಗೆ ತಲುಪಿದ ತಪ್ಪನ್ನು ತಿದ್ದುವುದು ಕಷ್ಟ.

ಔಷಧದ ಲೆಕ್ಕದಲ್ಲಿ ಬೇಡ, ದಿನದ ಲೆಕ್ಕದಲ್ಲಿ ಬರೆಯಿರಿ

ನಾವು ಇಂಥ ಪತ್ರ ಬರೆಯುವಾಗ ಒಂದೊಂದು ಔಷಧಕ್ಕೆ ಒಂದೊಂದು ಪ್ಯಾರಾ ಮಾಡಿ ಬರೆಯುತ್ತೇವೆ. ಅಪ್ಪಯ್ಯನ ದಿನ ಹಾಗೆ ನಡೆಯುವುದಿಲ್ಲ. ಅವರ ದಿನ ನಡೆಯುವುದು ಮುಖ ತೊಳೆಯುವುದು, ಆಸರಿ, ತಿಂಡಿ, ತೋಟ, ಊಟ, ಕವಳ, ಮಲಗುವುದು ಎಂದು. ‘ಬೆಳಿಗ್ಗೆ 8’ ಎಂದು ಬರೆದರೆ ಮರೆಯಬಹುದು, ‘ದೋಸೆ ತಿಂದು ಕೈ ತೊಳೆದ ಮೇಲೆ’ ಎಂದರೆ ಮರೆಯುವುದಿಲ್ಲ. ಪತ್ರದ ಮೊದಲ ಪುಟ ಹೀಗಿರಲಿ:

> ತೀರ್ಥರೂಪ ಅಪ್ಪಯ್ಯನಿಗೆ ನಮಸ್ಕಾರ.
>
> ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ, ಖಾಲಿ ಹೊಟ್ಟೆಗೆ, ಪ್ಯಾಂಟೊಪ್ರಜೋಲ್ 40 ಒಂದು. ಇದು ಹೊಟ್ಟೆ ಉರಿಯದಂತೆ ನೋಡಿಕೊಳ್ಳುವುದು. ಅರ್ಧ ಗಂಟೆ ಬಿಟ್ಟು ತಿಂಡಿ ತಿನ್ನು.
>
> ತಿಂಡಿ ಆದ ಮೇಲೆ ಎರಡು ಗುಳಿಗೆ: ಕ್ಲೋಪಿಡೋಗ್ರೆಲ್ 75 ಮತ್ತು ಮೆಟೊಪ್ರೊಲಾಲ್ 25. ಒಂದು ರಕ್ತ ಹೆಪ್ಪುಗಟ್ಟದಂತೆ, ಇನ್ನೊಂದು ಹೃದಯ ಹೆಚ್ಚು ಓಡದಂತೆ. ಮೆಟೊಪ್ರೊಲಾಲನ್ನು ಜಗಿಯಬೇಡ, ಪುಡಿ ಮಾಡಬೇಡ. ಅದು ಇಡೀ ದಿನ ಸ್ವಲ್ಪಸ್ವಲ್ಪವೇ ಕರಗುವ ಹಾಗೆ ಮಾಡಿದ್ದು.
>
> ಮಧ್ಯಾಹ್ನ ಊಟ ಆದ ಮೇಲೆ, ಕವಳ ಹಾಕುವ ಮೊದಲು, ಆಸ್ಪಿರಿನ್ 75 ಒಂದು.
>
> ರಾತ್ರಿ ಊಟ ಆದ ಮೇಲೆ ಎರಡು: ಅಟೊರ್ವಾಸ್ಟಾಟಿನ್ 40 ಮತ್ತು ರಾಮಿಪ್ರಿಲ್ 2.5. ಮೊದಲನೆಯದು ಕೊಬ್ಬಿಗೆ, ಎರಡನೆಯದು ಬಿಪಿಗೆ ಮತ್ತು ಹೃದಯಕ್ಕೆ.
>
> ಹಳೆಯ ಡಬ್ಬಿಯ ಅಟೆನೊಲಾಲ್ ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಅದರ ಕೆಲಸವನ್ನು ಈಗ ಮೆಟೊಪ್ರೊಲಾಲ್ ಮಾಡುತ್ತದೆ. ಆಯಿಗೆ ಹೇಳಿ ಆ ಡಬ್ಬಿ ತೆಗೆಸಿಬಿಡು.

‘ನೀನು’ ಎಂದೇ ಬರೆದದ್ದು ಬೇಕೆಂದೇ. ಮಾತಿನಲ್ಲಿ ಅಪ್ಪಯ್ಯನಿಗೆ ನೀನು ಅನ್ನುವ ಮನೆಯಲ್ಲಿ ಪತ್ರದಲ್ಲಿ ‘ತಾವು ಸೇವಿಸತಕ್ಕದ್ದು’ ಎಂದರೆ ಆಸ್ಪತ್ರೆಯ ನೋಟಿಸಿನ ಹಾಗೆ ಕಾಣುತ್ತದೆ. ನಿಮ್ಮ ಮನೆಯಲ್ಲಿ ನೀವು ಎನ್ನುವ ರೂಢಿಯಿದ್ದರೆ ಹಾಗೆಯೇ ಬರೆಯಿರಿ.

ಈ ಪಟ್ಟಿ ಉದಾಹರಣೆಯ ತಂದೆಯದು. ನಿಮ್ಮವರಿಗೆ ಔಷಧ, ಪ್ರಮಾಣ, ಹೊತ್ತು ಎಲ್ಲವೂ ಬೇರೆ ಇರಬಹುದು. ಡಾಕ್ಟರು ಬರೆದುಕೊಟ್ಟದ್ದನ್ನೇ ಇಳಿಸಿಕೊಳ್ಳಿ.

ಗುಳಿಗೆಯ ಬಣ್ಣವನ್ನು ಮಾತ್ರ ನಂಬಿ ಬರೆಯಬೇಡಿ. ‘ಗುಲಾಬಿ ಬಣ್ಣದ್ದು ಬೆಳಿಗ್ಗೆ’ ಎಂದು ಬರೆದಿರುತ್ತೀರಿ, ಮುಂದಿನ ತಿಂಗಳು ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಬಿಳಿ ಬಣ್ಣದಲ್ಲಿ ಬರುತ್ತದೆ. ಔಷಧದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಸ್ಟ್ರಿಪ್ಪಿನ ಮೇಲಿರುವಂತೆಯೇ ಇಂಗ್ಲಿಷಿನಲ್ಲೂ ಬರೆದರೆ ಅವರು ಅಕ್ಷರ ಹೋಲಿಸಿ ನೋಡಿಕೊಳ್ಳಬಹುದು.

ಮರೆತರೆ ಏನು ಮಾಡಬೇಕು ಎಂಬ ಸಾಲು ಇದೇ ಪುಟದಲ್ಲಿರಲಿ. ದಿನಕ್ಕೊಮ್ಮೆ ತೆಗೆದುಕೊಳ್ಳುವ ಕ್ಲೋಪಿಡೋಗ್ರೆಲ್ ಮರೆತದ್ದು 12 ಗಂಟೆಯೊಳಗೆ ನೆನಪಾದರೆ ಆಗಲೇ ತೆಗೆದುಕೊಂಡು, ಮಾರನೆಯ ದಿನದ್ದನ್ನು ಎಂದಿನ ಹೊತ್ತಿಗೆ ತೆಗೆದುಕೊಳ್ಳುವುದು. 12 ಗಂಟೆ ದಾಟಿದ್ದರೆ ಆ ದಿನದ್ದನ್ನು ಬಿಟ್ಟುಬಿಡುವುದು. ಯಾವ ಗುಳಿಗೆಯಾದರೂ ಸರಿ, ಮರೆತದ್ದಕ್ಕೆಂದು ಮರುದಿನ ಎರಡು ನುಂಗಬಾರದು.

ರಕ್ತ ತೆಳು ಮಾಡುವ ಎರಡು ಗುಳಿಗೆಗೆ ಹೆಚ್ಚು ಜಾಗ ಕೊಡಿ

ಏಳರಲ್ಲಿ ಉಳಿದವನ್ನು ಎರಡೆರಡು ಸಾಲಿನಲ್ಲಿ ಮುಗಿಸಬಹುದು. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ವಿಷಯ ಹಾಗಲ್ಲ. ಹೊಸ ಸ್ಟೆಂಟ್ ಇರುವಾಗ ಈ ಎರಡನ್ನು ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತ ಆಗಬಹುದು. ಇಷ್ಟು ದೊಡ್ಡ ಸಂಗತಿಯನ್ನು ಹೆದರಿಸದೆ ಹೇಳಬೇಕು, ಆದರೆ ಮುಚ್ಚಿಡಲೂಬಾರದು.

ಇಲ್ಲಿ ಹೋಲಿಕೆ ಕೆಲಸಕ್ಕೆ ಬರುತ್ತದೆ, ಆದರೆ ತಪ್ಪು ಹೋಲಿಕೆ ಕೆಡುಕನ್ನೂ ಮಾಡುತ್ತದೆ. ಎಲ್ಲರೂ ಹೇಳುವುದು ಪೈಪಿನ ಹೋಲಿಕೆ: ನೀರಿನ ಪೈಪಿನಲ್ಲಿ ಕಸ ಕಟ್ಟಿತ್ತು, ತೆಗೆದರು. ತೋಟಕ್ಕೆ ನೀರು ಬಿಟ್ಟು ಗೊತ್ತಿರುವ ಮನುಷ್ಯನಿಗೆ ಇದು ತಕ್ಷಣ ಅರ್ಥವಾಗುತ್ತದೆ, ಕಷ್ಟ ಇರುವುದೇ ಅಲ್ಲಿ. ಕಸ ತೆಗೆದಾದ ಮೇಲೆ ಪೈಪು ಸರಿಯಾಯಿತು, ಇನ್ನು ಗುಳಿಗೆ ಯಾಕೆ ಎಂದು ಅವರು ಮುಂದಿನ ಲೆಕ್ಕ ಹಾಕುತ್ತಾರೆ. ಸ್ಟೆಂಟ್ ಹಾಕಿದ ನಾಳ ಆ ಪೈಪಿನ ಹಾಗಲ್ಲ, ಇನ್ನೂ ಮಾಯುತ್ತಿರುವ ಜಾಗ ಅದು. ಇದಕ್ಕೆ ಹೊಸ ಸಿಮೆಂಟಿನ ಹೋಲಿಕೆ ಹೆಚ್ಚು ಹೊಂದುತ್ತದೆ:

> ನಿನ್ನ ಹೃದಯದ ರಕ್ತನಾಳದೊಳಗೆ ಬಾಲ್‌ಪೆನ್ನಿನ ಸ್ಪ್ರಿಂಗಿನಂಥ ಒಂದು ಸಣ್ಣ ಜಾಳಿಗೆ ಇಟ್ಟಿದ್ದಾರೆ. ರಕ್ತಕ್ಕೆ ಅದು ಹೊಸಬ. ಹೊಸಬನನ್ನು ಕಂಡರೆ ರಕ್ತ ಅಲ್ಲಿ ಹೆಪ್ಪುಗಟ್ಟಲು ನೋಡುತ್ತದೆ. ತಿಂಗಳುಗಳು ಕಳೆದ ಹಾಗೆ ಆ ಜಾಳಿಗೆಯ ಮೇಲೆ ನಿನ್ನದೇ ಮೈಯ ತೆಳು ಪದರ ಬೆಳೆದು ಅದನ್ನು ಮುಚ್ಚುತ್ತದೆ. ಅಲ್ಲಿಯವರೆಗೆ ಈ ಎರಡು ಗುಳಿಗೆ ಕಾವಲು.
>
> ಮನೆಗೆ ಸ್ಲ್ಯಾಬ್ ಹಾಕಿದಾಗ ನೀನು ದಿನಾ ನೀರು ಹೊಡೆಸುತ್ತಿದ್ದೆಯಲ್ಲ, ಹಾಗೆಯೇ. ಎರಡನೇ ದಿನಕ್ಕೇ ಸಿಮೆಂಟು ಗಟ್ಟಿಯಾಗಿ ಕಂಡಿತೆಂದು ಯಾರೂ ನೀರು ನಿಲ್ಲಿಸುವುದಿಲ್ಲ. ನಿನಗೂ ಈಗ ಆರಾಮ ಅನ್ನಿಸುತ್ತಿದೆ, ಅದು ಸಂತೋಷ. ಆದರೆ ಒಳಗಿನ ಕೆಲಸ ನಡೆಯುತ್ತಲೇ ಇದೆ.
>
> ಎಷ್ಟು ದಿನ ಎಂದು ಡಾಕ್ಟರು ಹೇಳುತ್ತಾರೆ. ಹೆಚ್ಚಿನವರಿಗೆ ಎರಡೂ ಒಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಇರುತ್ತದೆ, ಆಮೇಲೆ ಒಂದನ್ನು ನಿಲ್ಲಿಸುತ್ತಾರೆ. ನಿಲ್ಲಿಸು ಎಂದು ಹೇಳಬೇಕಾದವರು ಹೃದಯದ ಡಾಕ್ಟರು ಮಾತ್ರ. ಹಲ್ಲು ಕೀಳಿಸುವುದಿದ್ದರೂ ಹಲ್ಲಿನ ಡಾಕ್ಟರಿಗೆ ಸ್ಟೆಂಟ್ ವಿಷಯ ಮೊದಲೇ ಹೇಳು.

ಹೋಲಿಕೆ ಆದ ಕೂಡಲೇ ರಕ್ತದ ಮಾತಿಗೆ ಬನ್ನಿ, ಏಕೆಂದರೆ ಗುಳಿಗೆ ನಿಲ್ಲುವುದು ಇಲ್ಲಿ. ಈ ಎರಡನ್ನೂ ತೆಗೆದುಕೊಳ್ಳುವವರಿಗೆ ಗಾಯವಾದರೆ ರಕ್ತ ನಿಲ್ಲಲು ಹೆಚ್ಚು ಹೊತ್ತು ಬೇಕು. ಶಹರದವರಿಗೆ ಇದು ಗಡ್ಡ ಹೆರೆಯುವಾಗ ಗೊತ್ತಾಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಗೊತ್ತಾಗುವುದು ಉಂಬಳದಿಂದ. ಉಂಬಳ ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದು ತನ್ನದೇ ರಸ ಬಿಟ್ಟಿರುತ್ತದೆ, ಹಾಗಾಗಿ ಗುಳಿಗೆ ಇಲ್ಲದವರಿಗೂ ಒಸರುತ್ತಲೇ ಇರುತ್ತದೆ. ಅದರ ಮೇಲೆ ಎರಡು ಗುಳಿಗೆ ಸೇರಿದರೆ ಪಂಚೆ ಒದ್ದೆಯಾಗುವಷ್ಟು ಬರಬಹುದು. ಇದನ್ನು ಪತ್ರದಲ್ಲಿ ಮೊದಲೇ ಬರೆದಿಟ್ಟಿರಿ: ತೊಳೆದ ಬಟ್ಟೆಯನ್ನು ಮಡಚಿ ಕಚ್ಚಿದ ಜಾಗದ ಮೇಲೆ ಒತ್ತಿ ಹಿಡಿದು, ಗಡಿಯಾರ ನೋಡಿ, 15 ನಿಮಿಷ ತೆಗೆಯದೆ ಕೂರುವುದು. ನಡುನಡುವೆ ಎತ್ತಿ ‘ನಿಂತಿತೋ’ ಎಂದು ನೋಡಿದರೆ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಸುಣ್ಣ, ಹೊಗೆಸೊಪ್ಪು ಮೆತ್ತುವುದು ಬೇಡ. ತೋಟಕ್ಕೆ ಹೋಗುವಾಗ ಮೊಣಕಾಲವರೆಗಿನ ಬೂಟು ಹಾಕಿದರೆ ಈ ಕಷ್ಟವೇ ಕಡಿಮೆ.

ಹಲ್ಲುಜ್ಜುವಾಗ ಒಸಡಿನಲ್ಲಿ ಸ್ವಲ್ಪ ರಕ್ತ, ಮೊಣಕೈ ಎಲ್ಲೋ ತಾಗಿ ನೀಲಿಗಟ್ಟುವುದು, ಇವು ಸಹಜ. ಗುಳಿಗೆ ಬಿಡಬಾರದು, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಿದರೆ ಸಾಕು. ಮೂಗಿನಲ್ಲಿ ರಕ್ತ ಬಂದರೆ ಮುಂದಕ್ಕೆ ಬಾಗಿ ಕುಳಿತು, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಹಿಂಡಿ ಹಿಡಿಯುವುದು. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ. ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಮಲ ಹೋಗುವುದು, ರಕ್ತ ವಾಂತಿಯಾಗುವುದು, ಮೂತ್ರ ಕೆಂಪಗಾಗುವುದು, ತಲೆಗೆ ಪೆಟ್ಟು ಬೀಳುವುದು, ಇವುಗಳಲ್ಲಿ ಯಾವುದಾದರೂ ಸರಿ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ. ತಲೆಗೆ ಬಿದ್ದ ಪೆಟ್ಟು ಹೊರಗೆ ಕಾಣದಿದ್ದರೂ ಒಳಗೆ ಒಸರಬಹುದು, ಆದ್ದರಿಂದ ‘ಏನೂ ಆಗಲಿಲ್ಲ’ ಎಂದು ಕೂರುವುದು ಬೇಡ.

ಮೊಣಕಾಲು ನೋವಿನ ಗುಳಿಗೆಯ ಬಗ್ಗೆ ಒಂದು ಪ್ಯಾರಾ ಇರಲೇಬೇಕು. ಅಡಿಕೆ ಕೊಯ್ಲಿನ ಹೊತ್ತಿಗೆ ಸೊಂಟ, ಮೊಣಕಾಲು ಹಿಡಿಯುತ್ತದೆ. ಅಂಗಡಿಗೆ ಹೋಗಿ ‘ನೋವಿನ ಗುಳಿಗೆ ಎರಡು ಕೊಡು’ ಅಂದರೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಕೈಗೆ ಬರುತ್ತದೆ. ಇವು ರಕ್ತ ತೆಳು ಮಾಡುವ ಗುಳಿಗೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು, ರಾಮಿಪ್ರಿಲ್ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ, ಎಷ್ಟು ಎಂದು ಡಾಕ್ಟರನ್ನು ಕೇಳಿ ಸಂಖ್ಯೆ ಬರೆಯಿರಿ. ಹೊಟ್ಟೆಯ ಗುಳಿಗೆಯಲ್ಲೂ ಅಂಥದೇ ಒಂದು ಗೊಂದಲ ಇದೆ. ಪ್ಯಾಂಟೊಪ್ರಜೋಲ್ ಇಲ್ಲವೆಂದು ಅಂಗಡಿಯವರು ಓಮೆಪ್ರಜೋಲ್ ಕೊಟ್ಟರೆ ಅದು ಕ್ಲೋಪಿಡೋಗ್ರೆಲ್ ಕೆಲಸವನ್ನು ತಗ್ಗಿಸುತ್ತದೆ. ಎರಡೂ ‘ಗ್ಯಾಸಿನ ಗುಳಿಗೆ’ಯೇ, ಆದರೆ ಈ ಮನೆಗೆ ಒಂದು ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ.

ಉಳಿದವುಗಳಿಗೆ ಎರಡೆರಡು ಸಾಲು

ಮೆಟೊಪ್ರೊಲಾಲ್ ಮತ್ತು ರಾಮಿಪ್ರಿಲ್ ಎರಡೂ ಬಿಪಿ ಇಳಿಸುತ್ತವೆ. ಮೊದಲ ಕೆಲವು ದಿನ ತಟ್ಟನೆ ಎದ್ದರೆ ತಲೆ ತಿರುಗಬಹುದು. ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕುಳಿತು, ದೀಪ ಹಾಕಿ, ಆಮೇಲೆ ನಿಲ್ಲುವುದು. ಬಚ್ಚಲು ಮನೆಯ ಹೊರಗೆ ಇದ್ದರೆ ಹಾಸಿಗೆ ಪಕ್ಕದಲ್ಲಿ ಟಾರ್ಚ್ ಇರಲಿ. ತಲೆ ತಿರುಗುವುದು ನಿಲ್ಲದಿದ್ದರೆ, ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ ಡಾಕ್ಟರಿಗೆ ಫೋನ್. ಮೆಟೊಪ್ರೊಲಾಲನ್ನು ಒಮ್ಮೆಲೇ ನಿಲ್ಲಿಸಬಾರದು. ಅಷ್ಟು ದಿನ ಹಿಡಿದಿಟ್ಟ ಬಡಿತ ಒಮ್ಮೆಲೇ ಏರಿ ಎದೆನೋವು ಬರಬಹುದು.

ರಾಮಿಪ್ರಿಲ್ ಕೆಲವರಿಗೆ ಕಫವಿಲ್ಲದ ಒಣಕೆಮ್ಮು ತರುತ್ತದೆ. ಮಳೆಗಾಲದಲ್ಲಿ ಇದನ್ನು ಥಂಡಿ ಎಂದೇ ತಿಳಿದು ತಿಂಗಳುಗಟ್ಟಲೆ ಕಷಾಯ ಕುಡಿಯುತ್ತಾರೆ. ಕೆಮ್ಮು ಎರಡು ವಾರ ದಾಟಿದರೆ ಡಾಕ್ಟರಿಗೆ ಹೇಳಿದರೆ ಸಾಕು, ಆ ಕೆಮ್ಮು ಬಾರದ ಬೇರೆ ಜಾತಿಯ ಗುಳಿಗೆ ಇದೆ. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ. ವಾಂತಿ-ಭೇದಿ ಹಿಡಿದ ದಿನವೂ ಡಾಕ್ಟರನ್ನು ಕೇಳಬೇಕು, ಮೈಯಲ್ಲಿ ನೀರು ಕಡಿಮೆಯಾದಾಗ ಈ ಗುಳಿಗೆ ಮೂತ್ರಪಿಂಡಕ್ಕೆ ಭಾರವಾಗುತ್ತದೆ. ಇದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದಾದ್ದರಿಂದ ಶುರುಮಾಡಿದ ಒಂದೆರಡು ವಾರಕ್ಕೆ ರಕ್ತ ಪರೀಕ್ಷೆ ಬರೆದಿರುತ್ತಾರೆ, ಅದನ್ನು ತಪ್ಪಿಸಬೇಡಿ. ಇದೇ ಕಾರಣಕ್ಕೆ ‘ಹೃದಯಕ್ಕೆ ಒಳ್ಳೆಯದು’ ಎಂದು ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ತರಿಸಿಕೊಡುವ ಮಕ್ಕಳು ಜೋಪಾನ: ಅದರಲ್ಲಿ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಸಿಯಂ. ದಿನಾ ಎಳನೀರು ಕುಡಿಯುವ ರೂಢಿಯಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿರಬೇಕು. ಉಪ್ಪು ಕಡಿಮೆ ಮಾಡಬೇಕಾದರೆ ಅಪ್ಪೆಮಿಡಿ ಜಾಡಿಯನ್ನು ಸ್ವಲ್ಪ ದೂರ ಇಡುವುದೇ ಸುರಕ್ಷಿತ ಉಪಾಯ, ಸುಲಭ ಎಂದೇನೂ ಹೇಳುತ್ತಿಲ್ಲ.

ಅಟೊರ್ವಾಸ್ಟಾಟಿನ್ ಬಗ್ಗೆ: ಕೊಬ್ಬು ಇಳಿದರೂ ಇದನ್ನು ನಿಲ್ಲಿಸುವುದಿಲ್ಲ, ರಕ್ತನಾಳದ ಗೋಡೆಯಲ್ಲಿರುವ ಕೊಬ್ಬಿನ ಗಡ್ಡೆ ಒಡೆಯದಂತೆ ಅದು ಕಾಯುತ್ತದೆ. ಕೆಲಸ ಮಾಡದೆಯೂ ತೊಡೆ, ತೋಳಿನ ಮಾಂಸಖಂಡ ವಿಪರೀತ ನೋವಾದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ತಿಳಿಸಬೇಕು.

ನಾಲಿಗೆ ಕೆಳಗಿನ ಗುಳಿಗೆಗೆ ಬೇರೆಯೇ ಹಾಳೆ

ಏಳನೆಯದು ಐಸೊಸಾರ್ಬೈಡ್ ಡೈನೈಟ್ರೇಟ್ 5. ಡಿಸ್ಚಾರ್ಜ್ ಕಾಗದದಲ್ಲಿ ಇದರ ಮುಂದೆ ‘ಎಸ್‌ಒಎಸ್’ ಎಂದಿರುತ್ತದೆ, ಅಂದರೆ ಬೇಕಾದಾಗ ಮಾತ್ರ. ಇದನ್ನು ದಿನದ ಪಟ್ಟಿಯಲ್ಲಿ ಸೇರಿಸಬೇಡಿ. ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಫೋನಿನ ಹತ್ತಿರ ಅಂಟಿಸುವಂತಿರಲಿ. ನೋವು ಬಂದ ಹೊತ್ತಿಗೆ ಓದುವವರು ಆಯಿ, ಅಪ್ಪಯ್ಯನಲ್ಲ. ಆದ್ದರಿಂದ ಆಯಿಗೇ ಹೇಳಿದಂತೆ ಬರೆಯಿರಿ:

> ಆಯಿ, ಅಪ್ಪಯ್ಯನಿಗೆ ಎದೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆದರೆ, ಅಥವಾ ನೋವು ದವಡೆಗೆ, ಎಡಗೈಗೆ ಹರಿದರೆ:
>
> 1. ಅಲ್ಲೇ ಕೂರಿಸು. ನಿಂತಿರಬಾರದು, ಓಡಾಡಬಾರದು.
>
> 2. ಬಾಯಲ್ಲಿ ಕವಳ ಇದ್ದರೆ ಉಗುಳಿಸಿ, ನೀರು ಮುಕ್ಕಳಿಸಿಸು.
>
> 3. ಒಂದು ಗುಳಿಗೆ ನಾಲಿಗೆ ಕೆಳಗೆ ಇಡಿಸು. ನುಂಗಬಾರದು, ಜಗಿಯಬಾರದು. ಕರಗಲಿ.
>
> 4. ಗಡಿಯಾರ ನೋಡು. 5 ನಿಮಿಷಕ್ಕೆ ನೋವು ಹೋಗದಿದ್ದರೆ 108ಕ್ಕೆ ಫೋನ್ ಮಾಡು. ಬೆವರು, ಉಬ್ಬಸ, ವಾಂತಿ ಇದ್ದರೆ 5 ನಿಮಿಷ ಕಾಯುವುದೂ ಬೇಡ.
>
> 5. ನನಗೆ ಫೋನ್ ಆಮೇಲೆ. ಮೊದಲು 108.

ಒಂದೊಂದು ಸಾಲಿಗೂ ಕಾರಣವಿದೆ. ಈ ಗುಳಿಗೆ ರಕ್ತನಾಳಗಳನ್ನು ಹಿಗ್ಗಿಸಿ ಬಿಪಿಯನ್ನು ಸರ್ರನೆ ಇಳಿಸುತ್ತದೆ, ನಿಂತಿದ್ದರೆ ಬಿದ್ದುಬಿಡಬಹುದು. ನುಂಗಿದರೆ ಹೊಟ್ಟೆಗೆ ಹೋಗಿ ಕೆಲಸ ಮಾಡಲು ಹೊತ್ತು ಹಿಡಿಯುತ್ತದೆ, ನಾಲಿಗೆ ಕೆಳಗಿನ ತೆಳು ಚರ್ಮದಿಂದಾದರೆ ನಿಮಿಷಗಳಲ್ಲಿ ರಕ್ತ ಸೇರುತ್ತದೆ. ಕವಳ ತುಂಬಿದ ಬಾಯಲ್ಲಿ ಅದು ನೆಟ್ಟಗೆ ಅಲ್ಲಿಗೆ ತಾಗುವುದೇ ಇಲ್ಲ. ಬಾಯಿ ಪೂರ್ತಿ ಒಣಗಿದ್ದರೂ ಕರಗುವುದಿಲ್ಲ, ಒಂದು ಗುಟುಕು ನೀರಿನಲ್ಲಿ ಬಾಯಿ ಒದ್ದೆ ಮಾಡಿಕೊಂಡರೆ ಸರಿ. ಗುಳಿಗೆ ಇಟ್ಟ ಮೇಲೆ ತಲೆ ಸಿಡಿಯುವುದು, ಮುಖ ಬಿಸಿಯಾಗುವುದು ಅದರದೇ ಗುಣ. ಇದನ್ನು ಬರೆಯದಿದ್ದರೆ ಒಂದು ಸಲ ತಲೆನೋವು ಅನುಭವಿಸಿದವರು ಎರಡನೇ ಸಲ ಇಡಲು ಹಿಂಜರಿಯುತ್ತಾರೆ.

ಐದನೆಯ ಸಾಲನ್ನು ಬಿಡಬೇಡಿ. ಮಕ್ಕಳು ದೂರ ಇರುವ ಮನೆಗಳಲ್ಲಿ ಎದೆನೋವು ಬಂದಾಗ ಮೊದಲ ಫೋನ್ ಹೋಗುವುದು ವಿದೇಶಕ್ಕೆ. ಶಿರಸಿಯಲ್ಲಿ ಬೆಳಗಿನ 6 ಎಂದರೆ ಜರ್ಮನಿಯಲ್ಲಿ ಮಧ್ಯರಾತ್ರಿ ಕಳೆದಿರುತ್ತದೆ, ಮಗಳ ಫೋನ್ ಸೈಲೆಂಟ್ ಆಗಿರುತ್ತದೆ. ಅವಳು ಎತ್ತಲಿ ಎಂದು ಕಾಯುವ ಇಪ್ಪತ್ತು ನಿಮಿಷ ಹೃದಯದ ಸ್ನಾಯುವಿನ ಲೆಕ್ಕದಲ್ಲಿ ದೊಡ್ಡದು. ಜಿಲ್ಲೆಯವರಿಗೆ ಹೃದಯದ ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಗಂಟೆಗಟ್ಟಲೆ ದಾರಿ. ಹಾಗಾಗಿ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಮೊದಲೇ ಗೊತ್ತುಮಾಡಿ ಹಾಳೆಯಲ್ಲಿ ಬರೆಯಿರಿ. ಅಪ್ಪಯ್ಯ ತಾವೇ ಸ್ಕೂಟರ್ ಹತ್ತಿ ಹೊರಡುವಂತಿಲ್ಲ ಎಂದೂ ಬರೆಯಿರಿ.

ಹಾಳೆಯ ಕೆಳಗೆ 108ರವರಿಗೆ ಓದಿ ಹೇಳಬೇಕಾದ ದಾರಿ ಇರಲಿ: ಮುಖ್ಯರಸ್ತೆಯ ಯಾವ ಕ್ರಾಸು, ಯಾವ ಶಾಲೆ ದಾಟಿದ ಮೇಲೆ ಎಡವೋ ಬಲವೋ, ಮನೆಯವರೆಗೆ ಗಾಡಿ ಬರುತ್ತದೋ ಅಥವಾ ಸಂಕದ ಹತ್ತಿರ ನಿಲ್ಲುತ್ತದೋ. ಮನೆಯೊಳಗೆ ನೆಟ್‌ವರ್ಕ್ ಸಿಗದಿದ್ದರೆ ಅಂಗಳದ ಯಾವ ಮೂಲೆಯಲ್ಲಿ ಸಿಗುತ್ತದೆ ಎಂದೂ, ಗಾಡಿಯಿರುವ ನೆರೆಮನೆಯವರ ನಂಬರೂ ಬೇಕು. ಗಾಬರಿಯಲ್ಲಿ ಸ್ವಂತ ಮನೆಯ ದಾರಿಯನ್ನೂ ತಪ್ಪಾಗಿ ಹೇಳುತ್ತಾರೆ.

ಈ ಗುಳಿಗೆ ಅಂಗಿಯ ಜೇಬಿನಲ್ಲಿರಬೇಕು, ಕಪಾಟಿನಲ್ಲಲ್ಲ. ಸ್ಟ್ರಿಪ್ಪಿನಿಂದ ಮೊದಲೇ ಬಿಚ್ಚಿ ಡಬ್ಬಿಗೆ ಹಾಕಿಟ್ಟರೆ ಕರಾವಳಿಯ ತೇವಕ್ಕೆ, ಮಲೆನಾಡಿನ ಮಳೆಗೆ ಪುಡಿಯಾಗುತ್ತದೆ. ಸ್ಟ್ರಿಪ್ಪನ್ನು ನಾಲ್ಕು ನಾಲ್ಕಾಗಿ ಕತ್ತರಿಸುವಾಗ ಕೊನೆಯ ದಿನಾಂಕ ಇರುವ ತುಂಡನ್ನು ಎಸೆಯದೆ ಜೇಬಿಗೆ ಹಾಕಿಕೊಳ್ಳುವ ತುಂಡಾಗಿ ಉಳಿಸಿಕೊಳ್ಳಲಿ.

ಮಗಳು ಬರೆಯಲು ಮುಜುಗರಪಡುವ ಒಂದು ವಿಷಯ ಉಳಿಯುತ್ತದೆ. ಗಂಡಸರ ಲೈಂಗಿಕ ಶಕ್ತಿಗೆಂದು ಮಾರುವ ಸಿಲ್ಡೆನಾಫಿಲ್ ಜಾತಿಯ ಗುಳಿಗೆ ತೆಗೆದುಕೊಂಡಿದ್ದರೆ ಈ ನಾಲಿಗೆ ಕೆಳಗಿನ ಗುಳಿಗೆ ಇಡಬಾರದು, ಬಿಪಿ ಪ್ರಾಣಾಪಾಯದಷ್ಟು ಕುಸಿಯುತ್ತದೆ. ಪತ್ರದಲ್ಲಿ ಬೇಡವೆನಿಸಿದರೆ ಭಾವನಿಂದಲೋ ಮಾವನಿಂದಲೋ ಹೇಳಿಸಿ, ಇಲ್ಲವೇ ಡಾಕ್ಟರಿಗೇ ಹೇಳಲು ಕೇಳಿಕೊಳ್ಳಿ. ಹೇಳದೆ ಬಿಡುವಂತಿಲ್ಲ.

ಕಳಿಸಿದ ಮೇಲೆ

ಪತ್ರವನ್ನು ವಾಟ್ಸ್ಆ್ಯಪಿನಲ್ಲಿ ಪಿಡಿಎಫ್ ಮಾಡಿ ಊರಲ್ಲಿರುವ ಯಾರಿಗಾದರೂ ಕಳಿಸಿ, ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಅಕ್ಷರ 18 ಪಾಯಿಂಟ್‌ಗಿಂತ ಸಣ್ಣದಿರಬಾರದು. ಎದೆನೋವಿನ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ, ದಿನದ ಪಟ್ಟಿಯನ್ನು ಮಾಡಿಸಬೇಡಿ. ಪಟ್ಟಿ ಬದಲಾಗುತ್ತದೆ, ಅದರ ಮೇಲೆ ಪೆನ್ನಿನಲ್ಲಿ ಗೀಟು ಎಳೆಯಲು ಬರಬೇಕು.

ಆಮೇಲೆ ಫೋನ್ ಮಾಡಿ ‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಆಯ್ತು ಎಂಬುದೇ ಉತ್ತರ, ಯಾವಾಗಲೂ. ಅದರ ಬದಲಿಗೆ ‘ಅಪ್ಪಯ್ಯಾ, ನಾಳೆ ಮಧ್ಯಾಹ್ನದ ಗುಳಿಗೆ ಮರೆತರೆ ಎಂತ ಮಾಡ್ತೆ?’, ‘ಮಾವಿನಮರದ ಹತ್ತಿರ ಎದೆ ಹಿಡಿದರೆ ಮೊದಲು ಎಂತ?’ ಎಂದು ಕೇಳಿ, ಅವರ ಬಾಯಲ್ಲೇ ಹೇಳಿಸಿ. ಎಲ್ಲಿ ತಡವರಿಸುತ್ತಾರೋ ಪತ್ರದ ಆ ಸಾಲು ಸರಿಯಿಲ್ಲವೆಂದು ತಿಳಿದು ಅದನ್ನು ಬದಲಿಸಿ.

ಗುಳಿಗೆ ಮುಗಿಯುವ ದಿನದ ಲೆಕ್ಕ ನೀವು ಇಟ್ಟುಕೊಳ್ಳಿ. ಸ್ಟ್ರಿಪ್ಪಿನಲ್ಲಿ ಕೆಲವದರಲ್ಲಿ 10, ಕೆಲವದರಲ್ಲಿ 14 ಅಥವಾ 15 ಇರುವುದರಿಂದ ಎಲ್ಲ ಒಂದೇ ದಿನ ಮುಗಿಯುವುದಿಲ್ಲ. ಉಳಿದವು ಕಣ್ಣಿಗೆ ಕಾಣುವಾಗ ಕ್ಲೋಪಿಡೋಗ್ರೆಲ್ ಒಂದೇ ಖಾಲಿಯಾಗಿ, ‘ಮುಂದಿನ ವಾರ ಪೇಟೆಗೆ ಹೋದಾಗ ತಂದರಾಯಿತು’ ಎಂಬ ಎಂಟು ದಿನ ಬಿಟ್ಟುಹೋಗುತ್ತದೆ. ಯಾವುದು ಮೊದಲು ಮುಗಿಯುತ್ತದೋ ಅದಕ್ಕೆ ಏಳು ದಿನ ಮುಂಚೆ ನಿಮ್ಮ ಫೋನಿನಲ್ಲಿ ನೆನಪಿನ ಗಂಟೆ ಇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮನೆಯಲ್ಲಿ 15 ದಿನದ ಗುಳಿಗೆ ಹೆಚ್ಚಿಗೆ ಇರಬೇಕು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಘಟ್ಟದ ರಸ್ತೆಗಳೂ ಮಳೆಗಾಲದಲ್ಲಿ ಯಾವಾಗ ಕೈಕೊಡುತ್ತವೆ ಎಂದು ಹೇಳಲಾಗದು.

ಪತ್ರದ ಮೊದಲ ಪುಟದ ಮೇಲ್ತುದಿಯಲ್ಲಿ ದಿನಾಂಕ ದೊಡ್ಡದಾಗಿ ಬರೆದಿರಿ. ಡಾಕ್ಟರು ಒಂದು ಗುಳಿಗೆ ಬದಲಿಸಿದರೂ ಹೊಸ ಹಾಳೆ ಕಳಿಸಿ. ಅದು ಮನೆಗೆ ತಲುಪಿದ ದಿನ ವಿಡಿಯೋ ಕಾಲಿನಲ್ಲಿ ಹಳೆಯ ಹಾಳೆಯನ್ನು ಮೊಳೆಯಿಂದ ತೆಗೆಸಿ, ನಿಮ್ಮ ಕಣ್ಣೆದುರೇ ಹರಿಸಿಹಾಕಿಸಿ. ಎರಡು ಹಾಳೆ ಒಟ್ಟಿಗೆ ತೂಗುತ್ತಿದ್ದರೆ ಅಪ್ಪಯ್ಯ ಓದುವುದು ಅಭ್ಯಾಸವಾದ ಹಳೆಯದನ್ನೇ.